ಮಾತು ಮತ್ತು ಕೈಸನ್ನೆಯ ಕಾಲಹೊಂದಿಕೆ

ಮಾತಾಡುವವರ ಕೈ ತಾನಾಗಿ ಏಳುತ್ತದೆ, ಗಾಳಿಯಲ್ಲಿ ಏನನ್ನೋ ಗೀಚಿ ಮತ್ತೆ ಇಳಿಯುತ್ತದೆ. ಈ ಚಲನೆ ಯಾವ ಪದದ ಜೊತೆಗೆ ಬರುತ್ತದೆ, ಆ ಪದಕ್ಕಿಂತ ಎಷ್ಟು ಮುಂಚೆ ಆರಂಭವಾಗುತ್ತದೆ, ಮಾತು ತಡವರಿಸಿದಾಗ ಕೈ ಏನು ಮಾಡುತ್ತದೆ ಎಂಬುದನ್ನು ಅಳೆದು, ವಾಕ್ಯವೊಂದು ಬಾಯಿಗೆ ಬರುವ ಮುನ್ನ ಮನಸ್ಸಿನಲ್ಲಿ ಎಷ್ಟರಮಟ್ಟಿಗೆ ಸಿದ್ಧವಾಗಿರುತ್ತದೆ ಎಂದು ತಿಳಿಯುವ ಅಧ್ಯಯನ ಇದು. ಭರತನಾಟ್ಯದ ಮುದ್ರೆ, ಕಿವುಡರ ಸನ್ನೆಭಾಷೆ, ಹೆಬ್ಬೆರಳೆತ್ತಿ ಒಪ್ಪಿಗೆ ಸೂಚಿಸುವಂಥ ನಿಶ್ಚಿತ ಸಂಕೇತಗಳು ಇಲ್ಲಿಯ ವಿಷಯವಲ್ಲ. ಅವನ್ನು ಕಲಿತು ಮಾಡುತ್ತಾರೆ, ಮಾತಿಲ್ಲದೆಯೂ ಅವು ನಿಲ್ಲುತ್ತವೆ. ಇಲ್ಲಿ ಹೇಳುವ ಸನ್ನೆಗೆ ಮಾತನ್ನು ಬಿಟ್ಟರೆ ಅರ್ಥ ಉಳಿಯುವುದಿಲ್ಲ.

ಸನ್ನೆಯ ಒಳಭಾಗಗಳು

ಒಂದು ಸನ್ನೆಯನ್ನು ಇಡಿಯಾಗಿ ಅಳೆಯಲಾಗುವುದಿಲ್ಲ. ಆಡಮ್ ಕೆಂಡನ್ 1970ರ ದಶಕದಿಂದ ಮುಂದೆ ಚಲನಚಿತ್ರಗಳನ್ನು ಒಂದೊಂದೇ ಚೌಕಟ್ಟಾಗಿ ನೋಡಿ, ಪ್ರತಿ ಸನ್ನೆಯಲ್ಲೂ ಹಂತಗಳಿರುವುದನ್ನು ತೋರಿಸಿದರು. ಕೈ ತೊಡೆಯಿಂದಲೋ ಸ್ಕೂಟರಿನ ಹಿಡಿಯಿಂದಲೋ ಎದ್ದು ತನ್ನ ಜಾಗಕ್ಕೆ ಹೋಗುವುದು ಸಿದ್ಧತೆ. ಅರ್ಥವನ್ನು ಹೊತ್ತ ಭಾಗ ಮುಖ್ಯ ಚಲನೆ. ಆಮೇಲೆ ಕೈ ಹಿಂದಕ್ಕೆ ಬರುತ್ತದೆ. ಇವುಗಳ ನಡುವೆ ಕೈ ಕೆಲವೊಮ್ಮೆ ಗಾಳಿಯಲ್ಲೇ ನಿಂತುಬಿಡುವುದನ್ನು ಸೊಟಾರೊ ಕಿಟಾ ಪ್ರತ್ಯೇಕ ಹಂತವಾಗಿ ಗುರುತಿಸಿದರು. ಮುಖ್ಯ ಚಲನೆಗೆ ಮುಂಚಿನ ನಿಲುಗಡೆ ಮತ್ತು ಅದರ ನಂತರದ ನಿಲುಗಡೆ ಬೇರೆ ಬೇರೆ ಕೆಲಸ ಮಾಡುತ್ತವೆ. ಮೊದಲನೆಯದರಲ್ಲಿ ಕೈ ಮಾತಿಗಾಗಿ ಕಾಯುತ್ತದೆ. ಎರಡನೆಯದರಲ್ಲಿ ಮಾತು ಮುಗಿಯುವವರೆಗೆ ಅರ್ಥವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಮುಖ್ಯ ಚಲನೆ ಮಾತಿನ ಒತ್ತುಳ್ಳ ಭಾಗಕ್ಕಿಂತ ಮುಂಚೆ ಬರುತ್ತದೆ ಅಥವಾ ಅದರ ಜೊತೆಗೇ ಮುಗಿಯುತ್ತದೆ, ಅದರ ಹಿಂದೆ ಬರುವುದಿಲ್ಲ ಎಂಬ ನಿಯಮವನ್ನು ಶಿಕಾಗೊ ವಿಶ್ವವಿದ್ಯಾಲಯದ ಡೇವಿಡ್ ಮೆಕ್‌ನೀಲ್ 1992ರಲ್ಲಿ ಮಂಡಿಸಿದರು. ಇಂಗ್ಲಿಷಿನ ಬಲವಾದ ಒತ್ತಕ್ಷರಗಳನ್ನು ಇಟ್ಟುಕೊಂಡು ಕಟ್ಟಿದ ನಿಯಮ ಇದು. ಕನ್ನಡದಲ್ಲಿ ಒತ್ತು ಅಷ್ಟು ಎದ್ದು ಕಾಣುವುದಿಲ್ಲ. ಒಂದು ಪದಕ್ಕೆ ತೂಕ ಕೊಡಬೇಕಾದರೆ ನಾವು ಅದನ್ನು ಕ್ರಿಯಾಪದದ ಹತ್ತಿರಕ್ಕೆ ತರುತ್ತೇವೆ, ಇಲ್ಲವೇ "ಅಲ್ಲೇ", "ಇವತ್ತೇ" ಎಂದು ಏಕಾರ ಹಚ್ಚುತ್ತೇವೆ. ಹಾಗಾಗಿ ಈ ನಿಯಮವನ್ನು ಕನ್ನಡಕ್ಕೆ ಅನ್ವಯಿಸುವವರು ಒತ್ತಕ್ಷರ ಹುಡುಕುವುದಕ್ಕಿಂತ, ವಾಕ್ಯದಲ್ಲಿ ತೂಕ ಬಿದ್ದಿರುವ ಪದವನ್ನು ಹುಡುಕುವುದು ಒಳ್ಳೆಯದು.

ಹೆಬ್ಬಾಳದಲ್ಲಿ ದಾರಿ ಹೇಳುವುದು

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ವಿಷಯವನ್ನು ನೋಡಲು ಹೆಬ್ಬಾಳ ಸೂಕ್ತ ಜಾಗ. ಹೊರವರ್ತುಲ ರಸ್ತೆ ಬಳ್ಳಾರಿ ರಸ್ತೆಯನ್ನು ಸೇರುವ ಆ ಕೂಡುದಾರಿಯಲ್ಲಿ ಮೇಲೆ ಹತ್ತುವುದು, ಕೆಳಗೆ ಉಳಿಯುವುದು, ಸುತ್ತುವುದು ಎಲ್ಲವೂ ಇದೆ. ಯಶವಂತಪುರ ಕಡೆಯಿಂದ ಬಂದವರು, ಆರ್.ಟಿ. ನಗರದಿಂದ ಬಂದವರು ಅಲ್ಲಿ ದಾರಿ ಕೇಳುತ್ತಾರೆ. ಹೇಳುವವರು ಕೈ ಎತ್ತದೆ ಹೇಳುವುದೇ ಇಲ್ಲ.

ಕೆಳಗಿನ ಮಾತುಕತೆಯನ್ನು ವಿವರಣೆಗೆಂದು ಕಟ್ಟಲಾಗಿದೆ. ಅದರ ಕಾಲಮಾನಗಳು ಯಾವುದೇ ದಾಖಲೆಯಿಂದ ತೆಗೆದವಲ್ಲ, ಲೆಕ್ಕ ಹಾಕುವ ಕ್ರಮ ತೋರಿಸಲು ಇಟ್ಟುಕೊಂಡವು. ಯಶವಂತಪುರ ಕಡೆಯಿಂದ ಬೈಕಿನಲ್ಲಿ ಬಂದವರೊಬ್ಬರು ಆಟೋ ಚಾಲಕರನ್ನು ಕೇಳುತ್ತಾರೆ: "ಅಣ್ಣ, ಯಲಹಂಕಕ್ಕೆ ಹೆಂಗೆ ಹೋಗ್ಬೇಕು?" ಚಾಲಕರು ಹೇಳುತ್ತಾರೆ: "ಫ್ಲೈಓವರ್ ಹತ್ಬೇಡಿ ಸಾರ್. ಕೆಳಗಡೆಯಿಂದ ಹಿಂಗೆ ಎಡಕ್ಕೆ ತಿರ್ಕೊಂಡು ಸೀದಾ ಹೋಗಿ."

ಮೊದಲ ವಾಕ್ಯವನ್ನು ಮಾತ್ರ ತೆಗೆದುಕೊಳ್ಳೋಣ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಚೌಕಟ್ಟು ಎಂದರೆ 40 ಮಿಲಿಸೆಕೆಂಡು. ಚಾಲಕರ ಕೈ ಹ್ಯಾಂಡಲ್ ಬಿಟ್ಟ ಚೌಕಟ್ಟನ್ನು ಸೊನ್ನೆ ಎಂದಿಟ್ಟುಕೊಳ್ಳಿ. "ಫ್ಲೈಓವರ್" ಎಂಬ ಪದ 5ನೇ ಚೌಕಟ್ಟಿಗೆ ಶುರುವಾಗುತ್ತದೆ. ಅಂಗೈಯನ್ನು ಹೊರಕ್ಕೆ ತಿರುಗಿಸಿ ಬೇಡವೆಂದು ಆಡಿಸುವ ಮುಖ್ಯ ಚಲನೆ 12ನೇ ಚೌಕಟ್ಟಿಗೆ ಆರಂಭವಾಗುತ್ತದೆ. "ಹತ್ಬೇಡಿ" ಶುರುವಾಗುವುದು 20ಕ್ಕೆ, ಅದರೊಳಗಿನ "ಬೇ" ಕೇಳಿಸುವುದು 26ಕ್ಕೆ.

ಈಗ ಕೈ ಮಾತಿಗಿಂತ ಎಷ್ಟು ಮುಂದಿತ್ತು? ಉತ್ತರ ಒಂದೇ ಅಲ್ಲ. ಬೇಡವೆನ್ನುವ ಸನ್ನೆಗೆ ಸಂಬಂಧಿಸಿದ್ದು "ಬೇಡಿ" ಎಂಬ ತುಣುಕು ಎಂದುಕೊಂಡರೆ ಮುಖ್ಯ ಚಲನೆ 14 ಚೌಕಟ್ಟು, ಅಂದರೆ 560 ಮಿಲಿಸೆಕೆಂಡು ಮುಂದಿದೆ. ಸಂಬಂಧಿಸಿದ್ದು "ಹತ್ಬೇಡಿ" ಎಂಬ ಇಡೀ ಕ್ರಿಯಾಪದ ಎಂದರೆ ಅಂತರ 8 ಚೌಕಟ್ಟಿಗೆ ಇಳಿಯುತ್ತದೆ, 320 ಮಿಲಿಸೆಕೆಂಡು. ಸನ್ನೆ ಇಡೀ ವಾಕ್ಯದ್ದು, ಒಂದು ಪದದ್ದಲ್ಲ ಎಂದರೆ ಮುಖ್ಯ ಚಲನೆ ವಾಕ್ಯ ಶುರುವಾದ 7 ಚೌಕಟ್ಟುಗಳ ನಂತರ ಬಂದಂತಾಯಿತು, ಮುಂದಿರುವ ಪ್ರಶ್ನೆಯೇ ಇಲ್ಲ. ಈ ಕ್ಷೇತ್ರದ ಅರ್ಧದಷ್ಟು ವಾದ ಇಲ್ಲಿಯೇ ಹುಟ್ಟುತ್ತದೆ. ಸನ್ನೆಗೆ ಅರ್ಥದಲ್ಲಿ ಹತ್ತಿರವಾದ ಪದವನ್ನು ಅದರ ಜೊತೆಪದವಾಗಿ ಆರಿಸುವ ಪದ್ಧತಿಯನ್ನು ಸಂಭಾಷಣೆಯ ಅಧ್ಯಯನಕಾರ ಎಮಾನುಯೆಲ್ ಶೆಗ್ಲಾಫ್ 1984ರಲ್ಲಿ ಬಳಕೆಗೆ ತಂದರು. ಸನ್ನೆಯ ಬೀಜವೇ ವಾಕ್ಯದ ಬೀಜ, ಅದನ್ನು ಒಂದೇ ಪದಕ್ಕೆ ಗಂಟು ಹಾಕಬಾರದು ಎನ್ನುವುದು ಮೆಕ್‌ನೀಲ್ ಅವರ ನಿಲುವು.

ಯಾವ ಲೆಕ್ಕ ಹಿಡಿದರೂ ಒಂದು ಸಂಗತಿ ಗಟ್ಟಿಯಾಗಿ ಉಳಿಯುತ್ತದೆ. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿ ಬರುತ್ತದೆ. "ಫ್ಲೈಓವರ್ ಹತ್..." ಎನ್ನುವವರೆಗೆ ಕೇಳುವವರಿಗೆ ಅದು ಹತ್ತಬೇಕೆಂಬ ಮಾತೋ ಹತ್ತಬಾರದೆಂಬ ಮಾತೋ ಕಿವಿಯಿಂದ ತಿಳಿಯುವುದಿಲ್ಲ. ಆ ಹೊತ್ತಿಗಾಗಲೇ ಅಂಗೈ ಬೇಡವೆಂದು ಆಡುತ್ತಿದ್ದರೆ, ಇದು ತಡೆಯುವ ವಾಕ್ಯ ಎಂಬ ತೀರ್ಮಾನ "ಫ್ಲೈಓವರ್" ಎಂಬ ಹೆಸರು ಪೂರ್ತಿ ಹೊರಬರುವ ಮುಂಚೆಯೇ ಆಗಿತ್ತು ಎಂದರ್ಥ. ಮಾತನ್ನು ಮಾತ್ರ ಧ್ವನಿಮುದ್ರಿಸಿದ್ದರೆ ಈ ಸಾಕ್ಷಿ ಸಿಗುತ್ತಿರಲಿಲ್ಲ.

ಎರಡನೆಯ ವಾಕ್ಯದಲ್ಲಿ ಇನ್ನೊಂದು ಬಗೆ ಇದೆ. "ಹಿಂಗೆ" ಎಂಬ ಪದಕ್ಕೆ ಕೈಯಿಲ್ಲದೆ ಅರ್ಥವಿಲ್ಲ. "ಇಷ್ಟು ಎತ್ತರ", "ಅಲ್ಲಿ ನೋಡಿ" ಎನ್ನುವುದಕ್ಕೂ ಇದೇ ಮಾತು. ಚಾಲಕರು "ಕೆಳಗಡೆಯಿಂದ... ಆ... ಸರ್ವಿಸ್ ರೋಡ್‌ನಿಂದ ಹಿಂಗೆ" ಎಂದು ತಡವರಿಸಿದರೆ, ಎಡಕ್ಕೆ ಬಾಗಲು ಸಿದ್ಧವಾಗಿ ಎದ್ದ ಕೈ ಅಲ್ಲಿಯೇ ನಿಂತು, "ಹಿಂಗೆ" ಬಂದಾಗ ಬಾಗುತ್ತದೆ. ಕಿಟಾ ಹೇಳಿದ ಮೊದಲ ಬಗೆಯ ನಿಲುಗಡೆ ಇದೇ. ತಿರುವಿನ ಆಕಾರ ಆಗಲೇ ಸಿದ್ಧವಿದೆ, ಸಿಗದೆ ಇರುವುದು ರಸ್ತೆಯ ಹೆಸರು ಮಾತ್ರ ಎಂಬುದನ್ನು ಆ ನಿಂತ ಕೈ ಹೇಳುತ್ತದೆ.

ಕೈ ಏಕೆ ಮುಂದಿರುತ್ತದೆ

ತೋಳು ಭಾರವಾದ ಅಂಗ. ನಾಲಿಗೆಗಿಂತ ಅದಕ್ಕೆ ಹೆಚ್ಚು ಹೊತ್ತು ಬೇಕು. ಎರಡೂ ಒಂದೇ ಕ್ಷಣಕ್ಕೆ ತಲುಪಬೇಕಾದರೆ ಕೈ ಮೊದಲು ಹೊರಡಲೇಬೇಕು. ಹಾಗಾದರೆ ಕೈಯ ಮುನ್ನಡೆಯಲ್ಲಿ ಯೋಜನೆಯ ಗುರುತೇನೂ ಇಲ್ಲ, ಬರೀ ತೂಕದ ಲೆಕ್ಕವಿದೆ ಎಂದು ವಾದಿಸಬಹುದು. ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕೈ ಮೊದಲು ಅಲುಗಿದ ಕ್ಷಣವನ್ನೇ ಅಳೆದು, ಇಷ್ಟು ಮುಂಚೆ ಯೋಜನೆಯಾಗಿತ್ತು ಎನ್ನುವ ಬರಹಗಳು ಈ ಆಕ್ಷೇಪಕ್ಕೆ ನಿಲ್ಲುವುದಿಲ್ಲ.

ಇದಕ್ಕೆ ಉತ್ತರ ಸಿಗುವುದು ಪಾಮರ್ ಮೊರೆಲ್-ಸ್ಯಾಮ್ಯುಯೆಲ್ಸ್ ಮತ್ತು ರಾಬರ್ಟ್ ಕ್ರಾಸ್ 1992ರಲ್ಲಿ ಪ್ರಕಟಿಸಿದ ಅಳತೆಯಲ್ಲಿ. ಅವರು 60 ಸನ್ನೆಗಳನ್ನು ಅವುಗಳ ಜೊತೆಪದಗಳೊಡನೆ ಹೋಲಿಸಿದರು. ಸನ್ನೆ ಪದಕ್ಕಿಂತ ಸರಾಸರಿ ಒಂದು ಸೆಕೆಂಡಿನಷ್ಟು ಮುಂಚೆ ಆರಂಭವಾಗಿತ್ತು. ಅತಿ ದೊಡ್ಡ ಅಂತರ ಮೂರೂಮುಕ್ಕಾಲು ಸೆಕೆಂಡು. ಪದದ ನಂತರ ಆರಂಭವಾದ ಸನ್ನೆ ಒಂದೂ ಇರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಬಳಕೆಯ ಪದಗಳಿಗಿಂತ ಅಪರಿಚಿತ ಪದಗಳ ಜೊತೆ ಅಂತರ ದೊಡ್ಡದಾಗುತ್ತಿತ್ತು. ಪದ ಅಪರಿಚಿತವೆಂದು ತೋಳಿನ ತೂಕವೇನೂ ಹೆಚ್ಚುವುದಿಲ್ಲವಲ್ಲ. ಅರ್ಥ ಸಿದ್ಧವಾದ ಮೇಲೆ ಅದಕ್ಕೆ ಪದ ಹುಡುಕಲು ಹಿಡಿದ ಸಮಯವೇ ಆ ಹೆಚ್ಚುವರಿ ಅಂತರ ಎಂದು ಓದುವುದು ಸರಿಯಾಗುತ್ತದೆ. ಯಾರೋ ಒಬ್ಬರು "ಅದೇ, ಆ... ಅದರ ಹೆಸರೇನು..." ಎನ್ನುತ್ತಾ ಬೆರಳಿನಿಂದ ವಸ್ತುವಿನ ಆಕಾರ ತೋರಿಸುತ್ತಿರುವಾಗ ಆಗುತ್ತಿರುವುದು ಇದೇ.

ಯಾರು ಯಾರಿಗಾಗಿ ಕಾಯುತ್ತಾರೆ

ಕೈ ಮತ್ತು ಬಾಯಿ ಹೊರಡುವ ಮುಂಚೆ ಮಾತ್ರ ಸಮಯ ಹೊಂದಿಸಿಕೊಳ್ಳುತ್ತವೆಯೋ, ದಾರಿಯುದ್ದಕ್ಕೂ ಒಂದನ್ನೊಂದು ಗಮನಿಸುತ್ತವೆಯೋ? ವಿಲ್ಲೆಮ್ ಲೆವೆಲ್ಟ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಡಚ್ ಭಾಷಿಗರಲ್ಲಿ ಪರೀಕ್ಷಿಸಿದರು. ಎದುರಿನ ದೀಪಗಳಲ್ಲಿ ಒಂದು ಹತ್ತಿಕೊಂಡಾಗ ಅದರತ್ತ ಬೆರಳು ತೋರಿಸಿ "ಈ ದೀಪ" ಅಥವಾ "ಆ ದೀಪ" ಎನ್ನಬೇಕಿತ್ತು. ಕೈಗೆ ದೂರ ಹೆಚ್ಚಾದರೆ ಮಾತೂ ಸ್ವಲ್ಪ ತಡವಾಗುತ್ತಿತ್ತು, ಅಂದರೆ ಬಾಯಿ ಕೈಗಾಗಿ ಕಾಯುತ್ತಿತ್ತು. ಆಮೇಲೆ ಅವರು ಚಲಿಸುತ್ತಿರುವ ಕೈಯನ್ನು ತೂಕದಿಂದ ಹಿಂದಕ್ಕೆ ಎಳೆದು ನೋಡಿದರು. ಕೈ ಹೊರಡುವಾಗಲೇ ಎಳೆದರೆ ಮಾತು ತಡವಾಯಿತು. ಕೈ ಅರ್ಧ ದಾರಿ ಹೋದ ಮೇಲೆ ಎಳೆದರೆ ಮಾತು ಹೊಂದಿಕೊಳ್ಳಲಿಲ್ಲ. ಹೊಂದಾಣಿಕೆ ಯೋಜನೆಯ ಹಂತದಲ್ಲಿ ಮುಗಿಯುತ್ತದೆ, ಹೊರಟ ಮೇಲೆ ಎರಡೂ ತಂತಮ್ಮ ಪಾಡಿಗೆ ಹೋಗುತ್ತವೆ ಎಂದು ಅವರು ತೀರ್ಮಾನಿಸಿದರು.

ಮಿಂಗ್ಯುವಾನ್ ಚು ಮತ್ತು ಪೀಟರ್ ಹಾಗೋರ್ಟ್ 2014ರಲ್ಲಿ ಈ ಪ್ರಶ್ನೆಯನ್ನು ಕೃತಕ ದೃಶ್ಯಲೋಕದ ಉಪಕರಣದಿಂದ ಮತ್ತೆ ಎತ್ತಿದರು. ಅಲ್ಲಿ ಕೈಯನ್ನು ಎಳೆಯಬೇಕಿಲ್ಲ, ಕಾಣುವುದನ್ನು ಬದಲಿಸಿ ಚಲನೆಯನ್ನು ಕೆಡಿಸಬಹುದು. ಅವರ ಫಲಿತಾಂಶದಲ್ಲಿ ಚಲನೆ ನಡೆಯುತ್ತಿರುವಾಗ ಬಂದ ಅಡ್ಡಿಗೂ ಮಾತು ಸ್ಪಂದಿಸಿತು, ಮಾತಿಗೆ ಬಂದ ಅಡ್ಡಿಗೆ ಕೈಯೂ ಸ್ಪಂದಿಸಿತು. ಎರಡರಲ್ಲಿ ಈಚಿನ ಫಲಿತಾಂಶವೇ ಹೆಚ್ಚು ನಂಬತಕ್ಕದ್ದು ಎಂದು ತೋರುತ್ತದೆ. ಅದಕ್ಕೆ ಕಾರಣ ಬೇರೊಂದು ಬಗೆಯ ಸಾಕ್ಷಿ: ಉಗ್ಗುವವರ ಕೈ.

ರೇಚಲ್ ಮೇಬೆರಿ ಮತ್ತು ಜೋಸೆಲಿನ್ ಜಾಕ್ಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಗ್ಗು ಬಂದ ಕ್ಷಣದಲ್ಲಿ ಕೈ ನಿಂತುಬಿಡುತ್ತಿತ್ತು ಅಥವಾ ಕೆಳಗೆ ಬೀಳುತ್ತಿತ್ತು, ಮಾತು ಬಿಡಿಸಿಕೊಂಡ ಕೂಡಲೇ ಮತ್ತೆ ಹೊರಡುತ್ತಿತ್ತು. ಕೈಗೆ ಯಾವ ತೊಂದರೆಯೂ ಇಲ್ಲ, ಆದರೂ ಅದು ಬಾಯಿಯನ್ನು ಬಿಟ್ಟು ಮುಂದೆ ಹೋಗಲಿಲ್ಲ. ಪದ ಸಿಗದವರ ಕೈ ಪದವನ್ನು ಬಿಟ್ಟು ಮುಂದೆ ಹೋಗಿ ಕಾಯುತ್ತದೆ, ಉಗ್ಗುವವರ ಕೈ ಉಗ್ಗಿನ ಜೊತೆಗೇ ನಿಲ್ಲುತ್ತದೆ. ಮೊದಲನೆಯ ತೊಂದರೆ ಪದ ಹುಡುಕುವ ಹಂತದ್ದು, ಎರಡನೆಯದು ಸಿಕ್ಕ ಪದವನ್ನು ಉಚ್ಚರಿಸುವ ಹಂತದ್ದು. ಹೊರಗೆ ಎರಡೂ ತಡವರಿಕೆಯಂತೆಯೇ ಕೇಳಿಸಿದರೂ ಕೈ ಅವನ್ನು ಬೇರೆ ಮಾಡಿ ತೋರಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಮಾತಿನ ತೊಂದರೆ ಇರುವವರನ್ನು ದಿನವೂ ನೋಡುವವರಿಗೆ ಈ ವ್ಯತ್ಯಾಸ ನೇರವಾಗಿ ಉಪಯೋಗಕ್ಕೆ ಬರುವಂಥದ್ದು.

ತಪ್ಪು ತಿದ್ದಿಕೊಳ್ಳುವಾಗಲೂ ಕೈ ಮೊದಲು ಸುಳಿವು ಕೊಡುತ್ತದೆ. ಮಂದಾನಾ ಸೇಫಿದ್ದೀನಿಪುರ್ ಜರ್ಮನ್ ಭಾಷಿಗರ ಮಾತಿನಲ್ಲಿ, ವಾಕ್ಯ ತುಂಡಾಗುವುದಕ್ಕಿಂತ ಸ್ವಲ್ಪ ಮುಂಚೆಯೇ ಸನ್ನೆ ನಿಲ್ಲುವುದನ್ನು ಕಂಡರು. ತಪ್ಪಾಗಿದೆಯೆಂದು ಒಳಗೆ ಗೊತ್ತಾದ ಮೇಲೂ ಬಾಯಿ ಒಂದಿಷ್ಟು ಹೊತ್ತು ಹಳೆಯ ವಾಕ್ಯವನ್ನೇ ಓಡಿಸುತ್ತಾ, ಅಷ್ಟರಲ್ಲಿ ತಿದ್ದುಪಡಿಯನ್ನು ಸಿದ್ಧಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದು ಆಧಾರ.

ಕೊನೆಗೆ ಬರುವ ಕ್ರಿಯಾಪದ

ಕನ್ನಡ, ತುರ್ಕಿ, ಜಪಾನೀ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬಾಯಿ ತೆರೆಯುವ ಹೊತ್ತಿಗೆ ಅದನ್ನು ಆರಿಸಿಕೊಂಡಿರಬೇಕೇ? ಶೋತಾ ಮೊಮ್ಮಾ ಮತ್ತು ಸಂಗಡಿಗರು 2016ರಲ್ಲಿ ಜಪಾನೀ ಭಾಷೆಯ ಬಗ್ಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ಉತ್ತರ ಎರಡು ಬಗೆಯಾಗಿ ಬಂತು. ವಾಕ್ಯ ಕರ್ಮಪದದಿಂದ ಶುರುವಾದರೆ ಕ್ರಿಯಾಪದದ ಆಯ್ಕೆ ಮುಂಚೆಯೇ ಆಗಿರುತ್ತದೆ. ಕರ್ತೃಪದದಿಂದ ಶುರುವಾದರೆ ಹಾಗಾಗಿರಬೇಕಿಲ್ಲ. "ಫ್ಲೈಓವರ್ ಹತ್ಬೇಡಿ" ಎಂಬುದು ಕರ್ತೃವನ್ನು ಬಿಟ್ಟು ಆರಂಭವಾಗುವ ವಾಕ್ಯ. ಕ್ರಿಯೆಯ ಸನ್ನೆ ಮೊದಲ ಪದದ ಮೇಲೆಯೇ ಬೀಳುವುದು ಈ ಫಲಿತಾಂಶಕ್ಕೆ ಹೊಂದುತ್ತದೆ. "ಬಸ್‌ನವರು ಇಲ್ಲಿಂದ ಬಲಕ್ಕೆ ತಿರುಗ್ತಾರೆ" ಎಂಬ ವಾಕ್ಯದಲ್ಲಾದರೆ "ಬಸ್‌ನವರು" ಎನ್ನುವಾಗ ಕೈ ಸುಮ್ಮನಿದ್ದು ನಂತರ ಏಳಬೇಕು. ಇವೆರಡನ್ನು ಹೋಲಿಸಿದರೆ ಜಪಾನೀ ಭಾಷೆಯ ಮಾತು ಕನ್ನಡಕ್ಕೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬಹುದು.

ಯೋಜನೆಯ ತುಣುಕು ಎಷ್ಟು ದೊಡ್ಡದು ಎಂಬುದಕ್ಕೆ ಕಿಟಾ ಮತ್ತು ಅಸ್ಲಿ ಒಝ್ಯುರೆಕ್ ಅವರ 2003ರ ಅಧ್ಯಯನ ಆಧಾರ. ಕಾರ್ಟೂನಿನ ಬೆಕ್ಕೊಂದು ಬೌಲಿಂಗ್ ಚೆಂಡನ್ನು ನುಂಗಿ ಇಳಿಜಾರು ಬೀದಿಯಲ್ಲಿ ಉರುಳಿಕೊಂಡು ಹೋಗುವ ಕತೆಯನ್ನು ಮೂರು ಭಾಷೆಗಳವರು ಹೇಳಿದರು. ಇಂಗ್ಲಿಷಿನಲ್ಲಿ ಉರುಳುವುದೂ ಇಳಿಯುವುದೂ ಒಂದೇ ಉಪವಾಕ್ಯದಲ್ಲಿ ಅಡಕವಾಗುತ್ತವೆ, ಕೈಯೂ ಸಾಮಾನ್ಯವಾಗಿ ಸುತ್ತುತ್ತಲೇ ಇಳಿಯಿತು. ತುರ್ಕಿ ಮತ್ತು ಜಪಾನೀ ಭಾಷೆಗಳಲ್ಲಿ ಎರಡು ಕ್ರಿಯಾಪದಗಳು ಬೇಕಾಗುತ್ತವೆ. ಅವರಲ್ಲಿ ಸುತ್ತುವ ಸನ್ನೆ ಮತ್ತು ಇಳಿಯುವ ಸನ್ನೆ ಬೇರೆ ಬೇರೆಯಾಗಿ ಬರುವುದು ಹೆಚ್ಚು. 2007ರಲ್ಲಿ ಇದೇ ತಂಡ ಇಂಗ್ಲಿಷ್ ಭಾಷಿಗರಿಂದಲೇ ಎರಡು ಉಪವಾಕ್ಯಗಳಲ್ಲಿ ಹೇಳಿಸಿದಾಗ ಅವರ ಕೈಯೂ ಎರಡಾಗಿ ಒಡೆಯಿತು. ಹಾಗಾಗಿ ಇದು ಜನಾಂಗದ ಅಭ್ಯಾಸವಲ್ಲ, ಆ ಕ್ಷಣದಲ್ಲಿ ಕಟ್ಟುತ್ತಿರುವ ವಾಕ್ಯದ ಅಳತೆ. ಕನ್ನಡದ "ಉರುಳ್ಕೊಂಡು ಬಂತು", "ತಿರ್ಕೊಂಡು ಹೋಗಿ" ಎಂಬ ರಚನೆಗಳು ಎರಡು ಕ್ರಿಯಾಪದಗಳವೇ. ಆದರೆ ಅವನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕೈ ಇಲ್ಲಿ ಒಂದಾಗಿ ಬಾಗುತ್ತದೆಯೋ ಎರಡಾಗಿ ಒಡೆಯುತ್ತದೆಯೋ ಎನ್ನುವುದು, "ತಿರ್ಕೊಂಡು" ಎಂಬುದು ಪೂರ್ತಿ ಉಪವಾಕ್ಯವೋ ಕ್ರಿಯಾಪದದ ಒಂದು ಅಂಗವೋ ಎಂಬ ವ್ಯಾಕರಣದ ಚರ್ಚೆಗೂ ಸಾಕ್ಷಿ ನುಡಿಯಬಲ್ಲದು.

ಬೆಂಗಳೂರಿನ ಕನ್ನಡ ಇದಕ್ಕೆ ಇನ್ನೊಂದು ಅನುಕೂಲ ಮಾಡಿಕೊಟ್ಟಿದೆ. ಇಲ್ಲಿ "ಹಿಂದಕ್ಕೆ ತಿರುಗಿ" ಎಂದೂ ಹೇಳುತ್ತಾರೆ, "ಯೂಟರ್ನ್ ತಗೊಳ್ಳಿ" ಎಂದೂ ಹೇಳುತ್ತಾರೆ. ಕೈ ಬರೆಯುವ ತಿರುವು ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ತಿರುಗುವ ಅರ್ಥ ಕೊನೆಯ ಕ್ರಿಯಾಪದದಲ್ಲಿದೆ. ಎರಡನೆಯದರಲ್ಲಿ ಅದು ಮೊದಲ ಪದದಲ್ಲೇ ಬಂದುಹೋಗುತ್ತದೆ, "ತಗೊಳ್ಳಿ" ಬರೀ ವಾಕ್ಯವನ್ನು ಮುಗಿಸುತ್ತದೆ. ಕೈ ಎರಡು ವಾಕ್ಯಗಳಲ್ಲೂ ಆರಂಭದ ಹತ್ತಿರವೇ ಎದ್ದರೆ, ಅದು ಪದವನ್ನು ಕಾಯದೆ ಅರ್ಥದ ಹಿಂದೆ ಹೋಗುತ್ತಿದೆ ಎನ್ನಬೇಕು. ಮೊದಲನೆಯದರಲ್ಲಿ ಕೊನೆಗೆ ಸರಿದರೆ, ಪದದ ಜಾಗ ಅದನ್ನು ಎಳೆಯುತ್ತಿದೆ. ಜೊತೆಪದದ ಬಗೆಗಿನ ಹಳೆಯ ವಾದವನ್ನು ಪರೀಕ್ಷಿಸಲು ಇದು ಸಹಜವಾದ ಜೋಡಿ ವಾಕ್ಯ.

ಅಳತೆ ಕೆಡುವ ಬಗೆಗಳು

ಕೆಲಸಕ್ಕೆ ಸಾಮಾನ್ಯವಾಗಿ ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಉಚಿತವಾಗಿ ಕೊಡುವ ELAN ಎಂಬ ತಂತ್ರಾಂಶ ಬಳಸುತ್ತಾರೆ. ಅದರಲ್ಲಿ ವಿಡಿಯೊದ ಕೆಳಗೆ ಮಾತಿಗೊಂದು ಸಾಲು, ಕೈಯ ಹಂತಗಳಿಗೊಂದು ಸಾಲು ಇಟ್ಟು ಗುರುತು ಹಾಕುತ್ತಾರೆ. ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ಚೌಕಟ್ಟುಗಳ ವೇಗ ಒಂದೇ ಸಮ ಇರುವುದಿಲ್ಲ, ಧ್ವನಿಯೂ ಚಿತ್ರವೂ ನಿಧಾನವಾಗಿ ಬೇರ್ಪಡುತ್ತವೆ. ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಸಿ, ಎರಡೂ ಕಡೆ ಶಬ್ದ ಮತ್ತು ಅಂಗೈ ಕೂಡುವ ಚೌಕಟ್ಟು ಒಂದೇ ಆಗಿದೆಯೇ ನೋಡಿದರೆ ಇದು ಪತ್ತೆಯಾಗುತ್ತದೆ. ಚೌಕಟ್ಟು 40 ಮಿಲಿಸೆಕೆಂಡಿನದಾಗಿದ್ದರೆ 30 ಮಿಲಿಸೆಕೆಂಡಿನ ವ್ಯತ್ಯಾಸದ ಬಗ್ಗೆ ಒಂದೊಂದು ಸನ್ನೆಯಿಂದ ಏನೂ ಹೇಳಬಾರದು.

ಇದಕ್ಕಿಂತ ದೊಡ್ಡ ಅಪಾಯ ಗುರುತು ಹಾಕುವವರ ಕಿವಿಯದು. "ಎಡಕ್ಕೆ" ಎಂದು ಕೇಳಿಸಿಕೊಂಡವರಿಗೆ ಮುಖ್ಯ ಚಲನೆ "ಎಡಕ್ಕೆ" ಎಂಬಲ್ಲೇ ಶುರುವಾದಂತೆ ಕಾಣುತ್ತದೆ. ಹಾಗಾಗಿ ಕೈಯ ಹಂತಗಳನ್ನು ಧ್ವನಿ ಮುಚ್ಚಿ ಒಬ್ಬರು, ಪದಗಳ ಗಡಿಗಳನ್ನು ಚಿತ್ರ ಮುಚ್ಚಿ ಇನ್ನೊಬ್ಬರು ಗುರುತಿಸಬೇಕು. ಒಂದು ಭಾಗವನ್ನು ಮೂರನೆಯವರಿಂದ ಮತ್ತೆ ಮಾಡಿಸಿ ಹೊಂದಿಕೆ ನೋಡಬೇಕು. ಜೊತೆಪದ ಯಾವುದು ಎಂಬ ನಿಯಮವನ್ನು ಅಳೆಯುವ ಮುಂಚೆಯೇ ಬರೆದಿಡಬೇಕು. ಮೇಲಿನ ಉದಾಹರಣೆಯಲ್ಲಿ ಒಂದೇ ಸನ್ನೆಗೆ ಮೂರು ಉತ್ತರಗಳು ಬಂದದ್ದನ್ನು ನೋಡಿದ ಮೇಲೆ ಈ ಎಚ್ಚರಿಕೆ ಏಕೆಂದು ಹೇಳಬೇಕಿಲ್ಲ. ಕೈಯಲ್ಲಿ ಫೋನೋ ಚೀಲವೋ ಇರುವವರ ಸನ್ನೆ ತಡವಾಗಿ ಏಳುತ್ತದೆ. ಅವರನ್ನು ಬೇರೆಯೇ ಇಡಬೇಕು.

ಕನ್ನಡದ ಮಾತನ್ನು ವಿಡಿಯೊದಲ್ಲಿ ದಾಖಲಿಸುವ ಜಾನಪದ ಸಂಗ್ರಾಹಕರು, ಭಾಷಾ ವಿದ್ಯಾರ್ಥಿಗಳು, ಮಾತಿನ ಚಿಕಿತ್ಸಕರು ಕ್ಯಾಮೆರಾವನ್ನು ಮುಖದ ಮೇಲಷ್ಟೇ ನಿಲ್ಲಿಸಬಾರದು. ಸನ್ನೆಯ ಸಿದ್ಧತೆ ಶುರುವಾಗುವುದು ತೊಡೆಯ ಮೇಲೆ ಇಟ್ಟ ಕೈಯಿಂದ. ಚೌಕಟ್ಟು ಅಲ್ಲಿಯವರೆಗೆ ಇಳಿಯಲಿ, ಮಾತಾಡುವವರ ಕೈಗೆ ಮೈಕನ್ನು ಕೊಡದೆ ಅಂಗಿಗೆ ಸಿಕ್ಕಿಸಿರಲಿ.